ಕೌಶಲ ಅಂತರ ವಿಶ್ಲೇಷಣೆ

ಬಯಸಿದ ಹುದ್ದೆಯ ಜಾಹೀರಾತುಗಳು ಕೇಳುವ ಅರ್ಹತೆಗಳೊಂದಿಗೆ ತನ್ನ ಈಗಿನ ಸಾಮರ್ಥ್ಯವನ್ನು ಹೋಲಿಸಿ ಕೊರತೆ ಗುರುತಿಸುವ ವಿಧಾನ. ಸಂಸ್ಥೆಗಳು ನೌಕರರ ತರಬೇತಿಯ ಅಗತ್ಯ ಅಳೆಯಲೂ ಇದನ್ನು ಬಳಸುತ್ತವೆ. ಒಂದೇ ಜಾಹೀರಾತು ಆ ಕಂಪನಿಯ ಬೇಡಿಕೆಯನ್ನಷ್ಟೇ ತೋರಿಸುವುದರಿಂದ 15–20 ಜಾಹೀರಾತುಗಳನ್ನು ಕೂಡಿಹಾಕಿ, ಪ್ರತಿ ಕೌಶಲ ಎಷ್ಟರಲ್ಲಿ ಬಂದಿದೆಯೆಂದು ಎಣಿಸಲಾಗುತ್ತದೆ. ಉದಾಹರಣೆಗೆ, ದತ್ತಾಂಶ ವಿಶ್ಲೇಷಕ ಹುದ್ದೆ ಬಯಸುವ ಲೆಕ್ಕಿಗರೊಬ್ಬರು ನೋಡಿದ 20 ಜಾಹೀರಾತುಗಳಲ್ಲಿ ಎಕ್ಸೆಲ್ 18, ಎಸ್‌ಕ್ಯೂಎಲ್ 17, ಪೈಥಾನ್ 8 ಕಡೆ ಇದ್ದರೆ, ಎಕ್ಸೆಲ್ ಬಲ್ಲ ಅವರಿಗೆ ಮೊದಲ ಕೊರತೆ ಎಸ್‌ಕ್ಯೂಎಲ್. ಮಟ್ಟವನ್ನು ಅಳೆಯುವುದು ಮಾಡಿ ತೋರಿಸಬಲ್ಲ ಕೆಲಸದಿಂದ: ಗ್ರಾಹಕರ ಮತ್ತು ಬಿಲ್ಲುಗಳ ಕೋಷ್ಟಕಗಳನ್ನು ಜೋಡಿಸಿ ತಿಂಗಳವಾರು ಮಾರಾಟ ತೆಗೆಯಲು ಬಾರದಿದ್ದರೆ ‘ಗೊತ್ತು’ ಎಂಬ ಗುರುತು ನಿಲ್ಲದು. ಹಳೆಯ ಜಾಹೀರಾತಿನಿಂದ ನಕಲಾದ, ಕೆಲಸಕ್ಕೆ ಬೇಕಿಲ್ಲದ ಅರ್ಹತೆಗಳೂ ಪಟ್ಟಿಯಲ್ಲಿ ಉಳಿದಿರುವುದು ಈ ವಿಧಾನದ ಮುಖ್ಯ ಮಿತಿ. ಅದೇ ಹುದ್ದೆಯಲ್ಲಿರುವವರನ್ನು ವಿಚಾರಿಸಿದಾಗ ಅವು ಬೇರ್ಪಡುತ್ತವೆ.