ಷಟ್ಪದಿ ಮತ್ತು ಸಾದೃಶ್ಯ ಅಲಂಕಾರಗಳು: ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಅಭ್ಯಾಸ ಪ್ರಶ್ನೆಗಳು, ಉತ್ತರ ಸೂಚಿಯೊಂದಿಗೆ

ಛಂದಸ್ಸಿನ ಪ್ರಶ್ನೆಗೆ ಉತ್ತರಿಸುವಾಗ ಬಹುಪಾಲು ವಿದ್ಯಾರ್ಥಿಗಳು ಲಕ್ಷಣವನ್ನು ತಪ್ಪಿಲ್ಲದೆ ಬರೆಯುತ್ತಾರೆ, ಪ್ರಸ್ತಾರ ಹಾಕುವಾಗ ಎಡವುತ್ತಾರೆ. ಅಲಂಕಾರದಲ್ಲಿಯೂ ಹಾಗೆಯೇ. ವ್ಯಾಖ್ಯೆ ಬಾಯಿಪಾಠವಾಗಿರುತ್ತದೆ, ಆದರೆ ಕೊಟ್ಟ ಸಾಲಿನಲ್ಲಿ ಉಪಮೇಯ ಯಾವುದು, ಉಪಮಾನ ಯಾವುದು ಎಂಬುದು ಅದಲುಬದಲಾಗುತ್ತದೆ. ಆದುದರಿಂದ ಇಲ್ಲಿ ಎಲ್ಲ ಛಂದಸ್ಸುಗಳನ್ನೂ ಎಲ್ಲ ಅಲಂಕಾರಗಳನ್ನೂ ತಂದಿಲ್ಲ. ಭಾಮಿನೀ ಷಟ್ಪದಿಯ ಒಂದು ಪದ್ಯವನ್ನೂ ಉಪಮೆ, ರೂಪಕ, ಉತ್ಪ್ರೇಕ್ಷೆ ಎಂಬ ಮೂರು ಅಲಂಕಾರಗಳನ್ನೂ ಮಾತ್ರ ಎತ್ತಿಕೊಂಡು, ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದನ್ನು ತೋರಿಸುವ ಪ್ರಶ್ನೆಗಳನ್ನು ಕೊಟ್ಟಿದೆ.

ಭಾಮಿನಿಯನ್ನೇ ಆರಿಸಲು ಕಾರಣವಿದೆ. ಕುಮಾರವ್ಯಾಸನ ಭಾರತ ಈ ಛಂದಸ್ಸಿನಲ್ಲಿದೆ. ಕಾಸರಗೋಡಿನ ಮಕ್ಕಳಿಗಂತೂ ಇದು ಪುಸ್ತಕದಲ್ಲಿ ಕಾಣುವುದಕ್ಕೆ ಮೊದಲೇ ಕಿವಿಗೆ ಬಿದ್ದಿರುತ್ತದೆ. ಕುಂಬಳೆಯ ಪಾರ್ತಿಸುಬ್ಬನ ನೆಲದಲ್ಲಿ ಯಕ್ಷಗಾನದ ಭಾಗವತರು ಹಾಡುವ ಪದ್ಯಗಳ ನಡುವೆ ಭಾಮಿನಿಯೂ ವಾರ್ಧಕವೂ ಬರುತ್ತಲೇ ಇರುತ್ತವೆ. ಮೂರು, ನಾಲ್ಕು, ಮೂರು, ನಾಲ್ಕು ಎಂಬ ಅದರ ನಡಿಗೆಯನ್ನು ಒಮ್ಮೆ ಗುರುತಿಸಿದವರಿಗೆ ಗಣವಿಭಾಗ ಕಷ್ಟವಾಗದು.

ಕೆಳಗಿನ ಪದ್ಯವೂ ಪ್ರಶ್ನೆಗಳಲ್ಲಿ ಬರುವ ಇತರ ಸಾಲುಗಳೂ ಅಭ್ಯಾಸಕ್ಕೆಂದೇ ರಚಿಸಿದವು.

ಮಳೆಯ ನೀರನು ಹೊತ್ತು ತರುತಿಹ
ಹೊಳೆಯು ತಾಯಿಯ ತೆರದಿ ನಗುತಲಿ
ಎಳೆಯ ಪೈರಿನ ಗದ್ದೆ ಬಯಲನು ಸಲಹಿ ಹರಿಯುತಿದೆ
ಬೆಳಕು ಮೂಡಲು ದಡದ ಮೇಲಿನ
ತಳಿರು ತುಂಬಿದ ಹಳೆಯ ಮಾವಿನ
ಗಿಳಿಯ ಹಿಂಡಿನ ಹಾಡು ಕೇಳುತ ಮನವು ಕುಣಿಯುತಿದೆ

ಪ್ರಸ್ತಾರದಲ್ಲಿ ಲಘುವಿಗೆ ∪ ಎಂದೂ ಗುರುವಿಗೆ – ಎಂದೂ ಗುರುತು ಹಾಕಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು.

ಭಾಗ ಒಂದು: ಛಂದಸ್ಸು

1. ಮೇಲಿನ ಪದ್ಯದ ಮೊದಲ ಮೂರು ಪಾದಗಳಿಗೆ ಪ್ರಸ್ತಾರ ಹಾಕಿ, ಗಣಗಳನ್ನು ವಿಂಗಡಿಸಿರಿ.

2. ಈ ಪದ್ಯದಲ್ಲಿರುವ ಒಟ್ಟು ಮಾತ್ರೆಗಳೆಷ್ಟು? ಲೆಕ್ಕವನ್ನು ತೋರಿಸಿರಿ.

3. ಈ ಪದ್ಯದ ಆದಿಪ್ರಾಸಾಕ್ಷರ ಯಾವುದು? ನಾಲ್ಕನೆಯ ಪಾದವನ್ನು ‘ಬಾಳು’ ಎಂಬ ಪದದಿಂದ ಆರಂಭಿಸಿದರೆ ಪ್ರಾಸಕ್ಕೆ ಏನಾಗುತ್ತದೆ?

4. ಒಬ್ಬ ವಿದ್ಯಾರ್ಥಿ ಮೊದಲ ಪಾದವನ್ನು ‘ಮಳೆಯ ನೀರನ್ನು ಹೊತ್ತು ತರುತಿಹ’ ಎಂದು ನಕಲು ಮಾಡಿಕೊಂಡಿದ್ದಾನೆ. ಅರ್ಥ ಬದಲಾಗಿಲ್ಲ. ಛಂದಸ್ಸಿಗೆ ಏನಾಯಿತು?

5. ‘ಬೆಟ್ಟದಡಿಯೂರಿನಲಿ ಶಾಲೆಯೊಳು ಕನ್ನಡದ’ ಎಂಬುದು ಒಂದು ಷಟ್ಪದಿಯ ಮೊದಲ ಪಾದ. ಇದು ಯಾವ ಷಟ್ಪದಿ?

6. ‘ಮನದೊಳ್’ ಮತ್ತು ‘ಮನದೊಳಿರ್ಪ’ ಎಂಬೆರಡರಲ್ಲಿ ‘ದೊ’ ಅಕ್ಷರದ ಬೆಲೆ ಒಂದೇ ಆಗಿದೆಯೆ? ಕಾರಣ ಕೊಡಿ.

ಭಾಗ ಎರಡು: ಅಲಂಕಾರ

7. ಅಭ್ಯಾಸ ಪದ್ಯದ ಮೊದಲ ಮೂರು ಪಾದಗಳಲ್ಲಿರುವ ಅಲಂಕಾರವನ್ನು ಹೆಸರಿಸಿ, ಸಮನ್ವಯಗೊಳಿಸಿರಿ.

8. ಕೆಳಗಿನ ಮೂರು ವಾಕ್ಯಗಳಲ್ಲಿ ಹೋಲಿಕೆಯ ವಸ್ತುಗಳು ಒಂದೇ ಆಗಿದ್ದರೂ ಅಲಂಕಾರಗಳು ಬೇರೆ. ಅವು ಯಾವುವು? ಹೇಗೆ ಬೇರೆ?
(ಅ) ಹೊಳೆಯು ತಾಯಿಯಂತೆ ಊರನ್ನು ಸಲಹಿತು.
(ಆ) ಹೊಳೆಯೆಂಬ ತಾಯಿಯು ಊರನ್ನು ಸಲಹಿದಳು.
(ಇ) ಊರನ್ನು ಸಲಹಲು ತಾಯಿಯೇ ಹೊಳೆಯಾಗಿ ಹರಿದು ಬಂದಳೋ ಎಂಬಂತೆ ಹೊಳೆಯು ತೋರಿತು.

9. ಇವುಗಳಲ್ಲಿ ಉಪಮಾಲಂಕಾರವಿರುವುದು ಯಾವುದರಲ್ಲಿ? ಉಳಿದವುಗಳಲ್ಲಿ ಏಕಿಲ್ಲ?
(ಅ) ನಾಳೆ ಶಾಲೆಗೆ ರಜೆಯಂತೆ.
(ಆ) ತಾಯಿ ಹೇಳಿದಂತೆ ಮಗಳು ನಡೆದಳು.
(ಇ) ಮಗುವಿನ ಮುಖ ತಾವರೆಯಂತಿದೆ.

ಉತ್ತರ ಸೂಚಿ

1. ಮೊದಲ ಪಾದ: ಮಳೆಯ | ನೀರನು | ಹೊತ್ತು | ತರುತಿಹ
∪∪∪ | –∪∪ | –∪ | ∪∪∪∪ (3+4+3+4)

ಎರಡನೆಯ ಪಾದ: ಹೊಳೆಯು | ತಾಯಿಯ | ತೆರದಿ | ನಗುತಲಿ
∪∪∪ | –∪∪ | ∪∪∪ | ∪∪∪∪ (3+4+3+4)

ಮೂರನೆಯ ಪಾದ: ಎಳೆಯ | ಪೈರಿನ | ಗದ್ದೆ | ಬಯಲನು | ಸಲಹಿ | ಹರಿಯುತಿ | ದೆ
∪∪∪ | –∪∪ | –∪ | ∪∪∪∪ | ∪∪∪ | ∪∪∪∪ | – (3+4+3+4+3+4+ಗುರು)

ಇಲ್ಲಿ ಮೂರು ಕಡೆ ಎಚ್ಚರ ಬೇಕು. ‘ಹೊತ್ತು’ ಎಂಬಲ್ಲಿ ಗುರುವಾಗುವುದು ಒತ್ತಕ್ಷರವಾದ ‘ತ್ತು’ ಅಲ್ಲ, ಅದರ ಹಿಂದಿನ ‘ಹೊ’. ಒತ್ತನ್ನು ಕಂಡೊಡನೆ ಅದೇ ಅಕ್ಷರದ ಮೇಲೆ ಗುರುವಿನ ಗುರುತು ಹಾಕುವುದು ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ತಪ್ಪು. ಎರಡೂ ರೀತಿಯಲ್ಲಿ ಮೊತ್ತ ಮೂರೇ ಬರುವುದರಿಂದ ವಿದ್ಯಾರ್ಥಿಗೆ ತಪ್ಪಿನ ಸುಳಿವೂ ಸಿಗುವುದಿಲ್ಲ. ಎರಡನೆಯದು, ‘ಪೈ’ ಎಂಬ ಅಕ್ಷರ ನೋಡಲು ದೀರ್ಘದ ಗುರುತಿಲ್ಲದಿದ್ದರೂ ಐಕಾರವಿರುವುದರಿಂದ ಗುರು. ಮೂರನೆಯದು, ಪಾದದ ಕೊನೆಯ ‘ದೆ’ ಹ್ರಸ್ವವೇ. ಆದರೂ ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯ ಅಕ್ಷರವನ್ನು ಗುರುವೆಂದೇ ಎಣಿಸಬೇಕು.

2. ಒಂದು, ಎರಡು, ನಾಲ್ಕು ಮತ್ತು ಐದನೆಯ ಪಾದಗಳಲ್ಲಿ ತಲಾ 14 ಮಾತ್ರೆಗಳು: 14×4=56. ಮೂರು ಮತ್ತು ಆರನೆಯ ಪಾದಗಳಲ್ಲಿ ತಲಾ 23 ಮಾತ್ರೆಗಳು: 23×2=46. ಒಟ್ಟು 102 ಮಾತ್ರೆಗಳು. ಮೂರನೆಯ ಪಾದಕ್ಕೆ 23 ಬರುವ ಬಗೆ ಹೀಗೆ: ಮೊದಲ ಪಾದದ ಒಂದೂವರೆಯಷ್ಟು, ಎಂದರೆ 21, ಅದರ ಮೇಲೆ ಒಂದು ಗುರು. ಎಲ್ಲ ಷಟ್ಪದಿಗಳಿಗೂ ಇದೇ ಸೂತ್ರ ಹೊಂದುತ್ತದೆ. ಆದುದರಿಂದ ಮೊದಲ ಪಾದದ ಗಣಗಳನ್ನು ಬಲ್ಲವರು ಉಳಿದುದನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ.

3. ಪ್ರಾಸಾಕ್ಷರ ‘ಳ’ಕಾರ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನವಿದೆ: ಮಳೆಯ, ಹೊಳೆಯು, ಎಳೆಯ, ಬೆಳಕು, ತಳಿರು, ಗಿಳಿಯ. ಸ್ವರ ಬೇರೆಯಾಗಬಹುದು (ಳೆ, ಳ, ಳಿ), ವ್ಯಂಜನ ಬದಲಾಗಬಾರದು. ‘ಬಾಳು’ ಎಂದು ಆರಂಭಿಸಿದರೆ ‘ಳ’ಕಾರವೇನೋ ಉಳಿಯುತ್ತದೆ. ಆದರೆ ಉಳಿದ ಪಾದಗಳಲ್ಲಿ ಪ್ರಾಸದ ಹಿಂದಿನ ಅಕ್ಷರ ಲಘುವಾಗಿದ್ದು, ಇಲ್ಲಿ ಮಾತ್ರ ಗುರುವಾಗುತ್ತದೆ. ಮೊದಲ ಪಾದ ಲಘುವಿನಿಂದ ಹೊರಟರೆ ಎಲ್ಲ ಪಾದಗಳೂ ಲಘುವಿನಿಂದಲೇ ಹೊರಡಬೇಕೆಂಬ ನಿಯಮ ಮುರಿಯುತ್ತದೆ. ಆದಿಪ್ರಾಸದ ಈ ಕಟ್ಟನ್ನು ಬಿಟ್ಟು ಹೊಸಗನ್ನಡದಲ್ಲಿ ಪದ್ಯ ಬರೆದ ಮೊದಲಿಗರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು ಎಂಬುದನ್ನು ಇಲ್ಲಿ ನೆನೆಯಬಹುದು.

4. ‘ನೀರನು’ ಎಂಬುದು ನಾಲ್ಕು ಮಾತ್ರೆ. ‘ನೀರನ್ನು’ ಎಂದಾಗ ‘ನ್ನು’ ಒತ್ತಕ್ಷರದಿಂದ ಹಿಂದಿನ ‘ರ’ ಗುರುವಾಗಿ ಐದು ಮಾತ್ರೆಯಾಗುತ್ತದೆ. ಆಗ ಪಾದದ ವಿಭಾಗ ಹೀಗಾಗುತ್ತದೆ:

ಮಳೆಯ | ನೀರ | ನ್ನು ಹೊ | ತ್ತು ತರುತಿ | ಹ
∪∪∪ | –– | ∪– | ∪∪∪∪ | ∪

ಗಣಗಳು 3, 4, 3, 4 ಎಂದೇ ಬಂದವು, ಆದರೆ ಕೊನೆಯಲ್ಲಿ ‘ಹ’ ಮಿಕ್ಕಿತು. ಮೊತ್ತ 15. ಹೀಗೆ ಕೊನೆಯಲ್ಲಿ ಒಂದು ಮಾತ್ರೆ ಮಿಕ್ಕರೆ ಲಕ್ಷಣವನ್ನು ಸಂಶಯಿಸುವ ಮೊದಲು, ಪದ್ಯವನ್ನು ಸರಿಯಾಗಿ ನಕಲು ಮಾಡಿಕೊಂಡಿದ್ದೇವೆಯೇ ಎಂದು ನೋಡಬೇಕು. ದ್ವಿತೀಯಾ ವಿಭಕ್ತಿಯ ‘ಅನು’ ಎಂಬುದನ್ನು ಅರಿವಿಲ್ಲದೆ ‘ಅನ್ನು’ ಎಂದು ಬರೆಯುವುದು, ‘ಅಲಿ’ ಎಂಬುದನ್ನು ‘ಅಲ್ಲಿ’ ಎಂದು ಬರೆಯುವುದು ಇಂತಹ ತಪ್ಪಿಗೆ ಸಾಮಾನ್ಯ ಕಾರಣ.

5. ವಾರ್ಧಕ ಷಟ್ಪದಿ.

ಬೆಟ್ಟದಡಿ | ಯೂರಿನಲಿ | ಶಾಲೆಯೊಳು | ಕನ್ನಡದ
–∪∪∪ | –∪∪∪ | –∪∪∪ | –∪∪∪ (5+5+5+5)

ಈ ಸಾಲನ್ನು ಭಾಮಿನಿಯೆಂದು ಭ್ರಮಿಸುವುದು ಸುಲಭ. ‘ಬೆಟ್ಟ | ದಡಿಯೂ | ರಿನಲಿ | ಶಾಲೆಯೊ’ ಎಂದು ವಿಭಾಗಿಸಿದರೆ ಮೊದಲ 14 ಮಾತ್ರೆಗಳು 3, 4, 3, 4 ಆಗಿಯೇ ಬರುತ್ತವೆ. ಆದರೆ ಅಲ್ಲಿಗೆ ಪಾದ ಮುಗಿಯುವುದಿಲ್ಲ, ಇನ್ನೂ ಆರು ಮಾತ್ರೆಗಳು ಉಳಿಯುತ್ತವೆ. ಆದುದರಿಂದ ಮೊದಲು ಪಾದದ ಮೊತ್ತವನ್ನು ಎಣಿಸಬೇಕು, ಆಮೇಲೆ ಗಣಕ್ಕೆ ಕೈಹಾಕಬೇಕು. ಮೊತ್ತ 20 ಎಂದಾಗ ಕಂದದ ಎರಡನೆಯ ಪಾದದ ನೆನಪೂ ಬರಬಹುದು, ಏಕೆಂದರೆ ಅಲ್ಲಿಯೂ ಇಪ್ಪತ್ತೇ ಮಾತ್ರೆ. ನಾಲ್ಕು ನಾಲ್ಕಾಗಿ ವಿಭಾಗಿಸಿದರೆ ‘ಬೆಟ್ಟದ | ಡಿಯೂರಿ | ನಲಿಶಾ’ ಎಂಬಲ್ಲಿಯವರೆಗೆ ಸರಿ. ಮುಂದೆ ‘ಲೆಯೊಳು’ ಎಂಬ ಮೂರು ಮಾತ್ರೆಗಳ ಬಳಿಕ ‘ಕ’ ಎಂಬ ಗುರು ಬರುತ್ತದೆ. ಗುರುವನ್ನು ಒಡೆದು ಅರ್ಧ ಇತ್ತ, ಅರ್ಧ ಅತ್ತ ಹಾಕುವಂತಿಲ್ಲ. ಐದರ ವಿಭಾಗದಲ್ಲಿ ಮಾತ್ರ ಎಲ್ಲ ಗಣಗಳೂ ಅಡ್ಡಿಯಿಲ್ಲದೆ ಮುಗಿಯುತ್ತವೆ.

6. ಒಂದೇ ಅಲ್ಲ. ‘ಮನದೊಳ್’ ಎಂಬಲ್ಲಿ ಕೊನೆಯ ‘ಳ್’ ಸ್ವರವಿಲ್ಲದ ವ್ಯಂಜನ. ಅದಕ್ಕೆ ತನ್ನದೇ ಮಾತ್ರೆಯಿಲ್ಲ, ಹಿಂದಿನ ‘ದೊ’ ಅಕ್ಷರವನ್ನು ಗುರುವಾಗಿಸುತ್ತದೆ: ∪∪–. ಮುಂದೆ ‘ಇರ್ಪ’ ಸೇರಿದಾಗ ಆ ‘ಳ್’ ಇಕಾರದೊಡನೆ ಕೂಡಿ ‘ಳಿ’ ಆಗುತ್ತದೆ, ‘ದೊ’ ಲಘುವಾಗಿಯೇ ಉಳಿಯುತ್ತದೆ. ‘ರ್ಪ’ ಒತ್ತಕ್ಷರದಿಂದ ‘ಳಿ’ ಗುರುವಾಗುತ್ತದೆ: ∪∪∪–∪. ಹಳಗನ್ನಡ ಪದ್ಯವನ್ನು ಪದಬಿಡಿಸಿ ಬರೆದುಕೊಂಡು ಪ್ರಸ್ತಾರ ಹಾಕಿದರೆ ಲೆಕ್ಕ ತಪ್ಪುವುದು ಇದರಿಂದಲೇ. ಅರ್ಥಕ್ಕಾಗಿ ಬಿಡಿಸಬೇಕು, ಪ್ರಸ್ತಾರಕ್ಕಾಗಿ ಪದ್ಯದಲ್ಲಿದ್ದಂತೆಯೇ ಬರೆಯಬೇಕು.

7. ಅಲಂಕಾರ: ಉಪಮಾಲಂಕಾರ (ಪೂರ್ಣೋಪಮೆ).
ಉಪಮೇಯ: ಹೊಳೆ.
ಉಪಮಾನ: ತಾಯಿ.
ಉಪಮಾವಾಚಕ: ತೆರದಿ.
ಸಮಾನಧರ್ಮ: ನಗುತ್ತ ಸಲಹುವುದು.
ಸಮನ್ವಯ: ಇಲ್ಲಿ ಉಪಮೇಯವಾದ ಹೊಳೆಯನ್ನು ಉಪಮಾನವಾದ ತಾಯಿಗೆ ಹೋಲಿಸಲಾಗಿದೆ. ತಾಯಿ ನಗುತ್ತ ಮಕ್ಕಳನ್ನು ಸಲಹುವಂತೆ ಹೊಳೆಯು ಗದ್ದೆಯ ಪೈರನ್ನು ಸಲಹುತ್ತದೆ. ನಾಲ್ಕು ಅಂಗಗಳೂ ಇರುವುದರಿಂದ ಇದು ಪೂರ್ಣೋಪಮೆ.

ಉಪಮೇಯ, ಉಪಮಾನಗಳು ಅದಲುಬದಲಾಗದಿರಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಪದ್ಯ ಯಾವುದನ್ನು ಕುರಿತು ಹೇಳುತ್ತಿದೆ? ಹೊಳೆಯನ್ನು ಕುರಿತು. ಅದೇ ಉಪಮೇಯ. ಅದನ್ನು ವರ್ಣಿಸಲು ಹೊರಗಿನಿಂದ ತಂದದ್ದು ಉಪಮಾನ. ಸಾಲಿನಲ್ಲಿ ಮೊದಲು ಬಂದದ್ದೇ ಉಪಮೇಯವಾಗಬೇಕೆಂದಿಲ್ಲ.

8. (ಅ) ಉಪಮೆ. ಹೊಳೆ ಬೇರೆ, ತಾಯಿ ಬೇರೆ; ಎರಡಕ್ಕೂ ಹೋಲಿಕೆಯಿದೆ. (ಆ) ರೂಪಕ. ಹೊಳೆಯೇ ತಾಯಿ ಎಂದು ಎರಡಕ್ಕೂ ಭೇದವಿಲ್ಲದಂತೆ ಹೇಳಿದೆ. ‘ಸಲಹಿದಳು’ ಎಂದು ಕ್ರಿಯಾಪದವೂ ತಾಯಿಯ ಲಿಂಗವನ್ನು ಅನುಸರಿಸಿದೆ. (ಇ) ಉತ್ಪ್ರೇಕ್ಷೆ. ಹೊಳೆಯನ್ನು ತಾಯಿಯಿರಬಹುದೋ ಎಂದು ಕಲ್ಪಿಸಿದೆ, ‘ಬಂದಳೋ’ ಎಂಬ ಸಂಭಾವನೆಯಲ್ಲಿ ಅದು ವ್ಯಕ್ತವಾಗಿದೆ. ಮೂರನೆಯದರಲ್ಲಿಯೂ ‘ಅಂತೆ’ ಇದೆ ಎಂದು ಉಪಮೆಯೆಂದು ಬರೆಯಬಾರದು. ‘ತಾಯಿಯಂತೆ’ ಎಂಬಲ್ಲಿ ವಾಚಕವು ಒಂದು ವಸ್ತುವಿಗೆ ಹತ್ತಿದೆ. ‘ಬಂದಳೋ ಎಂಬಂತೆ’ ಎಂಬಲ್ಲಿ ಅದು ಕಲ್ಪಿತವಾದ ಒಂದು ಇಡೀ ಕ್ರಿಯೆಗೆ ಹತ್ತಿದೆ.

9. ಉಪಮೆ ಇರುವುದು (ಇ) ವಾಕ್ಯದಲ್ಲಿ ಮಾತ್ರ. ಮುಖ ಉಪಮೇಯ, ತಾವರೆ ಉಪಮಾನ, ‘ಅಂತೆ’ ವಾಚಕ. ಸಮಾನಧರ್ಮವನ್ನು ಬಾಯಿಬಿಟ್ಟು ಹೇಳಿಲ್ಲವಾದುದರಿಂದ ಇದು ಲುಪ್ತೋಪಮೆ. (ಅ) ವಾಕ್ಯದ ‘ಅಂತೆ’ ಬೇರೆಯವರಿಂದ ಕೇಳಿದ ಸುದ್ದಿಯನ್ನು ಸೂಚಿಸುತ್ತದೆ. (ಆ) ವಾಕ್ಯದ ‘ಅಂತೆ’ ಹೇಳಿದ ರೀತಿಯಲ್ಲಿ ಎಂಬ ಅರ್ಥದ್ದು. ಈ ಎರಡರಲ್ಲಿಯೂ ಹೋಲಿಸಬೇಕಾದ ಎರಡು ವಸ್ತುಗಳಿಲ್ಲ. ವಾಚಕಪದವನ್ನು ಕಂಡ ಮಾತ್ರಕ್ಕೆ ಅಲಂಕಾರವನ್ನು ಹೆಸರಿಸದೆ, ಉಪಮೇಯವನ್ನೂ ಉಪಮಾನವನ್ನೂ ಮೊದಲು ಹುಡುಕಬೇಕು. ಅವೆರಡೂ ಸಿಕ್ಕದಿದ್ದರೆ ಅಲ್ಲಿ ಉಪಮೆಯಿಲ್ಲ.

ಪದ್ಯದ ಕೊನೆಯ ಮೂರು ಪಾದಗಳನ್ನು ಇಲ್ಲಿ ವಿಭಾಗಿಸದೆ ಬಿಟ್ಟಿದೆ. ವಿದ್ಯಾರ್ಥಿಗಳು ಅವುಗಳಿಗೆ ತಾವೇ ಪ್ರಸ್ತಾರ ಹಾಕಿ, ‘ತುಂಬಿದ’ ಮತ್ತು ‘ಹಿಂಡಿನ’ ಎಂಬಲ್ಲಿ ಅನುಸ್ವಾರ ಕೂಡಿದ ಅಕ್ಷರವೇ ಗುರುವಾಗುವುದನ್ನು ಗಮನಿಸಬೇಕು. ಪಾದಗಳ ಮೊತ್ತ ಕ್ರಮವಾಗಿ 14, 14, 23 ಬಂದರೆ ಉತ್ತರ ಸರಿ.