ಹಾಲಿನೊಡನೆ ಅಶ್ವಗಂಧ: ಹದಿನೈದು ದಿನದ ರಸಾಯನದಿಂದ ಥೈರಾಯ್ಡ್ ಎಚ್ಚರಿಕೆಯವರೆಗೆ

ಅಶ್ವಗಂಧವನ್ನು ಹಾಲಿನೊಡನೆ ಸೇವಿಸುವ ಪದ್ಧತಿಗೆ ಸ್ಪಷ್ಟವಾದ ಹಳೆಯ ಆಧಾರ ಸಿಗುವುದು ವಾಗ್ಭಟನ ಅಷ್ಟಾಂಗಹೃದಯದ ರಸಾಯನ ಅಧ್ಯಾಯದಲ್ಲಿ. ಸುಮಾರು ಏಳನೆಯ ಶತಮಾನದ ಈ ಗ್ರಂಥ ಹೇಳುವುದಿಷ್ಟು: ಹಾಲು, ತುಪ್ಪ, ಎಣ್ಣೆ ಅಥವಾ ಬೆಚ್ಚನೆಯ ನೀರು, ಇವುಗಳಲ್ಲಿ ಯಾವುದಾದರೊಂದರ ಜೊತೆ ಅರ್ಧ ತಿಂಗಳು ಅಶ್ವಗಂಧ ಕುಡಿದರೆ ಕೃಶವಾದ ಮೈ ಮಳೆ ಕಂಡ ಎಳೆ ಪೈರಿನಂತೆ ತುಂಬಿಕೊಳ್ಳುತ್ತದೆ. ಇದರಲ್ಲಿ ಎರಡು ಷರತ್ತುಗಳಿವೆ. ಮದ್ದು ಬಡಕಲಾದವರಿಗೆ, ಅವಧಿ ಹದಿನೈದು ದಿನ. ರಾತ್ರಿಯೇ ಕುಡಿಯಬೇಕೆಂಬ ಮಾತು ಅಲ್ಲಿಲ್ಲ. ಇಂದು ಮನೆಮನೆಯಲ್ಲಿ ಮಲಗುವ ಮುನ್ನ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ಸೇವನೆಗೆ ಈ ಶ್ಲೋಕವನ್ನೇ ಆಧಾರವಾಗಿ ತೋರಿಸುತ್ತಾರೆ. ಆದರೆ ಷರತ್ತುಗಳೆರಡೂ ನಡುದಾರಿಯಲ್ಲಿ ಬಿದ್ದುಹೋಗಿವೆ. ಥೈರಾಯ್ಡ್ ಕುರಿತ ಈಗಿನ ಆತಂಕವನ್ನು ಇಲ್ಲಿಂದಲೇ ನೋಡಬೇಕು ಎಂಬುದು ನನ್ನ ವಾದ.

ವಾಗ್ಭಟನಿಗಿಂತ ಹಿಂದಿನ ಚರಕಸಂಹಿತೆಯೂ ಬೇರೆ ದಾರಿ ಹಿಡಿದಿಲ್ಲ. ಬಲ ಕೊಡುವ ಬಲ್ಯ ಗಣದಲ್ಲಿ, ಮೈ ತುಂಬಿಸುವ ಬೃಂಹಣೀಯ ಗಣದಲ್ಲಿ ಅದು ಅಶ್ವಗಂಧವನ್ನು ಸೇರಿಸುತ್ತದೆ. ಹದಿನಾರನೆಯ ಶತಮಾನದ ಭಾವಪ್ರಕಾಶ ಇದಕ್ಕೆ ಉಷ್ಣ ಗುಣ ಹೇಳಿ, ಕ್ಷಯ, ಬಾವು ಮೊದಲಾದವುಗಳಿಗೆ ಹೊಂದಿಸಿತು. ಕನ್ನಡದಲ್ಲಿ ಹಿರೇಮದ್ದು ಎಂದೂ ಕರೆಯುವ ಈ ಗಿಡದ ಬೇರನ್ನು ನಮ್ಮ ಹಳೆಯ ವೈದ್ಯರು ಸೊರಗಿದ ಮೈಗೆ ಕೊಡುತ್ತಿದ್ದರೇ ಹೊರತು, ಊಟದ ನಂತರದ ದಿನನಿತ್ಯದ ಪಾನೀಯವಾಗಿ ಅಲ್ಲ.

ಹಾಲಿನಲ್ಲಿ ಮದ್ದು ಬೇಯಿಸುವ ಕ್ರಮವನ್ನು ಶಾರ್ಙ್ಗಧರ ಸಂಹಿತೆ ಕ್ಷೀರಪಾಕ ಎಂಬ ಹೆಸರಿನಲ್ಲಿ ನಿಗದಿಪಡಿಸಿದೆ. ಮದ್ದು ಒಂದು ಪಾಲಾದರೆ ಹಾಲು ಎಂಟು ಪಾಲು, ನೀರು ಹಾಲಿನ ನಾಲ್ಕರಷ್ಟು. 5 ಗ್ರಾಂ ಬೇರಿನ ಪುಡಿಗೆ 40 ಮಿಲಿ ಹಾಲು, 160 ಮಿಲಿ ನೀರು ಬೆರೆಸಿ, ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಬೇಕು. ಬೇರಿನ ಸಾರ ನೀರಿಗೂ ಹಾಲಿನ ಕೊಬ್ಬಿಗೂ ಇಳಿಯುತ್ತದೆ, ಚರಟ ಬಟ್ಟೆಯಲ್ಲಿ ಉಳಿಯುತ್ತದೆ. ಬಿಸಿ ಹಾಲಿನ ಲೋಟಕ್ಕೆ ಪುಡಿ ಕದಡಿ ಕುಡಿದಾಗ ಚರಟವೂ ಹೊಟ್ಟೆಗೆ ಹೋಗುತ್ತದೆ. ಸೂಕ್ಷ್ಮ ಜೀರ್ಣಶಕ್ತಿಯವರಿಗೆ ಹೊಟ್ಟೆ ಉಬ್ಬರ, ಓಕರಿಕೆ, ಭೇದಿ ಕಾಣಿಸಿದರೆ ಈ ವ್ಯತ್ಯಾಸವನ್ನೂ ಗಮನಿಸಬೇಕು.

ಪ್ರಮಾಣದ ವಿಷಯದಲ್ಲಿ ಇಂದಿನ ಅಧಿಕೃತ ಮೂಲಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಭಾರತೀಯ ಆಯುರ್ವೇದ ಫಾರ್ಮಕೋಪಿಯಾ ಬೇರಿನ ಪುಡಿಗೆ ದಿನಕ್ಕೆ 3ರಿಂದ 6 ಗ್ರಾಂ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಔಷಧೀಯ ಸಸ್ಯಗಳ ಸಂಪುಟದಲ್ಲಿರುವುದೂ ಇದೇ ಅಳತೆ. ಮಟ್ಟಸವಾದ ಒಂದು ಚಹಾ ಚಮಚ ಸುಮಾರು 3 ಗ್ರಾಂ ಹಿಡಿಯುತ್ತದೆ. ಗುಡ್ಡೆ ಮಾಡಿ ತುಂಬಿದರೆ ಅದೇ ಚಮಚದ ಲೆಕ್ಕ ಬಹಳ ಏರುತ್ತದೆ. ಇಲ್ಲೊಂದು ಗೊಂದಲವನ್ನು ಬಿಡಿಸಿ ಹೇಳಲೇಬೇಕು. ಮಾತ್ರೆ, ಕ್ಯಾಪ್ಸೂಲ್‌ಗಳಲ್ಲಿ ಬರುವುದು ಹೆಚ್ಚಾಗಿ ಸಾಂದ್ರಗೊಳಿಸಿದ ಸಾರ, ಅಂದರೆ ಎಕ್ಸ್‌ಟ್ರ್ಯಾಕ್ಟ್. ಪ್ರಯೋಗಗಳಲ್ಲಿ ಅದನ್ನು ದಿನಕ್ಕೆ 300ರಿಂದ 600 ಮಿಲಿಗ್ರಾಂ ಕೊಟ್ಟಿದ್ದಾರೆ. ಬೇರಿನ ಪುಡಿಯಲ್ಲಿ ವಿಥನೊಲೈಡ್ ಎಂಬ ಸಕ್ರಿಯ ಅಂಶ ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತ ಕಡಿಮೆ. ಸಾರದಲ್ಲಿ ಅದನ್ನು ಶೇ. 5 ಅಥವಾ ಅದಕ್ಕೂ ಹೆಚ್ಚಿಗೆ ಏರಿಸಿರುತ್ತಾರೆ. ಗ್ರಂಥದಲ್ಲಿರುವ ಗ್ರಾಂ ಲೆಕ್ಕವನ್ನು ಸಾರಕ್ಕೆ ಹಚ್ಚಿದರೆ ಅಪಾಯ. ರಾತ್ರಿ ಹಾಲಿಗೆ ಪುಡಿಯನ್ನೂ ಬೆಳಿಗ್ಗೆ ಕ್ಯಾಪ್ಸೂಲನ್ನೂ ಸೇರಿಸಿ ತೆಗೆದುಕೊಳ್ಳುವವರು ತಮಗರಿವಿಲ್ಲದೆಯೇ ಇಮ್ಮಡಿ ಸೇವಿಸುತ್ತಿರುತ್ತಾರೆ. ನಿದ್ರಾಹೀನತೆಯ ಬಗ್ಗೆ 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲೂ 300 ಮಿಲಿಗ್ರಾಂ ಸಾರವನ್ನು ಕೊಟ್ಟದ್ದು ದಿನಕ್ಕೆರಡು ಬಾರಿ, ಅದೂ ಹತ್ತು ವಾರ ಮಾತ್ರ.

ಥೈರಾಯ್ಡ್‌ನ ಕಥೆ ಆರಂಭವಾದದ್ದು ಇಂದೋರಿನಲ್ಲಿ. ಸುನಂದಾ ಪಂಡಾ ಮತ್ತು ಆನಂದ ಕರ್ 1998ರಲ್ಲಿ ಇಲಿಗಳಿಗೆ ಅಶ್ವಗಂಧ ಬೇರಿನ ಸಾರವನ್ನು ದೇಹದ ಪ್ರತಿ ಕಿಲೋ ತೂಕಕ್ಕೆ 1.4 ಗ್ರಾಂನಂತೆ 20 ದಿನ ಕೊಟ್ಟು ನೋಡಿದರು. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನಾದ ಟಿ4 ಏರಿತ್ತು. ಅಷ್ಟು ದೊಡ್ಡ ಪ್ರಮಾಣವನ್ನು ಮನುಷ್ಯರಿಗೆ ನೇರವಾಗಿ ಹೋಲಿಸಲಾಗದು. ಆದರೂ ಪ್ರಭಾವ ಯಾವ ದಿಕ್ಕಿನಲ್ಲಿದೆ ಎಂಬುದು ಅಲ್ಲಿ ಕಂಡಿತು. 2005ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು ಒಂದು ಪ್ರಕರಣ ವರದಿ ಮಾಡಿದರು. ಬೇರೆ ಕಾಯಿಲೆಯಿಲ್ಲದ 32 ವರ್ಷದ ಮಹಿಳೆ ದಣಿವಿಗೆಂದು ಅಶ್ವಗಂಧ ಕ್ಯಾಪ್ಸೂಲ್ ತೆಗೆದುಕೊಂಡಿದ್ದರು. ಅವರಲ್ಲಿ ಥೈರಾಯ್ಡ್ ಹಾರ್ಮೋನ್ ಅತಿಯಾದ ಲಕ್ಷಣಗಳು ಕಂಡವು, ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಎರಡೂ ಸರಿಹೋದವು. 2018ರಲ್ಲಿ ಪ್ರಕಟವಾದ ಭಾರತದ ಪ್ರಯೋಗದಲ್ಲಿ, ಲಕ್ಷಣವಿಲ್ಲದೆ ಥೈರಾಯ್ಡ್ ಸ್ವಲ್ಪ ಕುಂಠಿತವಾಗಿದ್ದ 50 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 600 ಮಿಲಿಗ್ರಾಂ ಸಾರ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. ಎಂಟು ವಾರಗಳಲ್ಲಿ ಸಾರ ಪಡೆದವರ ಟಿಎಸ್‌ಎಚ್ ಇಳಿದು, ಟಿ3, ಟಿ4 ಏರಿದವು.

ಈ ಕೊನೆಯ ಪ್ರಯೋಗವನ್ನೇ ಹಿಡಿದು 'ಥೈರಾಯ್ಡ್‌ಗೆ ಅಶ್ವಗಂಧ ಒಳ್ಳೆಯದು' ಎಂದು ಸಾರುವುದು ತಪ್ಪು. ನೋಡಿದ್ದು ಸಣ್ಣ ಗುಂಪನ್ನು, ಎಂಟೇ ವಾರ. ಅದಕ್ಕಿಂತ ಮುಖ್ಯವಾಗಿ, ಒಬ್ಬರ ಟಿಎಸ್‌ಎಚ್ ತಗ್ಗಿಸಿದ ಗುಣವೇ ಇನ್ನೊಬ್ಬರಿಗೆ ಕೇಡಾಗುತ್ತದೆ. ಲೀವೋಥೈರಾಕ್ಸಿನ್ ಮಾತ್ರೆಯಿಂದ ಟಿಎಸ್‌ಎಚ್ ಹದಕ್ಕೆ ಬಂದಿರುವ ಮಹಿಳೆಯೊಬ್ಬರು ರಾತ್ರಿ ಹಾಲಿಗೆ ಅಶ್ವಗಂಧ ಶುರು ಮಾಡಿದರೆಂದು ಇಟ್ಟುಕೊಳ್ಳೋಣ. ಮಾತ್ರೆಯ ಹಾರ್ಮೋನ್ ಮೇಲೆ ಇನ್ನಷ್ಟು ಹಾರ್ಮೋನ್ ಸೇರಬಹುದು. ಎದೆ ಡವಡವ, ಕೈನಡುಕ, ಬೆವರು, ತೂಕ ಇಳಿತ, ಪದೇಪದೇ ಭೇದಿ, ನಿದ್ದೆಗೇಡು ಕಾಣಿಸಿಕೊಳ್ಳುತ್ತವೆ. ನಿದ್ದೆ ಕೆಟ್ಟಾಗ ಅವರು ಪುಡಿಯ ಪ್ರಮಾಣವನ್ನೇ ಏರಿಸುವ ಸಂಭವ ಹೆಚ್ಚು. ಇಂಥ ಸಂದರ್ಭದಲ್ಲಿ ಪುಡಿ ನಿಲ್ಲಿಸಿ, ವಿಷಯವನ್ನು ವೈದ್ಯರಿಗೆ ತಿಳಿಸಿ ಟಿಎಸ್‌ಎಚ್ ಮತ್ತು ಫ್ರೀ ಟಿ4 ಪರೀಕ್ಷಿಸಬೇಕು. ಟಿಎಸ್‌ಎಚ್ ನಿಧಾನವಾಗಿ ಬದಲಾಗುವುದರಿಂದ ಆರರಿಂದ ಎಂಟು ವಾರ ಬಿಟ್ಟು ಮತ್ತೆ ನೋಡಬೇಕಾಗುತ್ತದೆ. ಹಾಲಿನದೂ ಒಂದು ತೊಡಕಿದೆ. ಅದರಲ್ಲಿರುವ ಕ್ಯಾಲ್ಸಿಯಂ ಲೀವೋಥೈರಾಕ್ಸಿನ್ ಹೀರಿಕೆಗೆ ಅಡ್ಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವವರಿಗೆ ರಾತ್ರಿಯ ಹಾಲಿನಿಂದ ತೊಂದರೆಯಿಲ್ಲ, ಮಲಗುವಾಗ ನುಂಗುವವರಿಗೆ ಇದೆ.

ಹಾಗಾಗಿ ಥೈರಾಯ್ಡ್ ಅತಿಯಾಗಿರುವವರು ಅಶ್ವಗಂಧವನ್ನು ಮುಟ್ಟಲೇಬಾರದು. ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಥೈರಾಯ್ಡ್ ಕುಂಠಿತಕ್ಕೆ ಬಹಳ ಸಲ ಹ್ಯಾಶಿಮೊಟೊ ಎಂಬ ಸ್ವಪ್ರತಿರಕ್ಷಾ ರೋಗವೇ ಕಾರಣ. ಅಶ್ವಗಂಧ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಬಹುದೆಂಬ ಶಂಕೆಯಿರುವುದರಿಂದ ಹ್ಯಾಶಿಮೊಟೊ, ಲೂಪಸ್, ಸಂಧಿವಾತದ ಕೆಲ ಬಗೆಗಳು ಇರುವವರಿಗೂ ಇದು ಬೇಡ. ಬಸುರಿಯರು, ಎದೆಹಾಲು ಕುಡಿಸುವವರು ದೂರವಿರಬೇಕು. ಗರ್ಭಪಾತದ ಸಂಭವವನ್ನು ಹಲವು ಸಂಸ್ಥೆಗಳು ಎತ್ತಿ ತೋರಿಸಿವೆ, ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನ್‌ಗಳ ಶಂಕೆಯೂ ಸೇರಿ ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ನಿದ್ದೆಮಾತ್ರೆ, ಮಧುಮೇಹ, ರಕ್ತದೊತ್ತಡದ ಔಷಧ ತೆಗೆದುಕೊಳ್ಳುವವರಲ್ಲಿ ಅವುಗಳ ಪರಿಣಾಮ ಹೆಚ್ಚಾಗಬಹುದು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಮುಂಚೆಯೇ ನಿಲ್ಲಿಸಬೇಕು.

ಯಕೃತ್ತಿಗೆ ಹಾನಿಯಾಗುವ ವಿಷಯ ಈಚಿನದು. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದಿಂದ ಐದು ಪ್ರಕರಣಗಳು, 2023ರಲ್ಲಿ ಭಾರತದಿಂದಲೇ ಒಂದು ಸರಣಿ ವರದಿಯಾದವು. ಭಾರತದ ಸರಣಿಯಲ್ಲಿ, ಮೊದಲೇ ಯಕೃತ್ತಿನ ಕಾಯಿಲೆಯಿದ್ದವರಲ್ಲಿ ಸಾವೂ ಸಂಭವಿಸಿದೆ. ಮೈ ತುರಿಕೆ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು ಇದರ ಗುರುತು. ಇವು ಸೇವನೆ ಶುರುವಾಗಿ ವಾರಗಳ ಮೇಲೂ ಕಾಣಿಸಬಹುದು. ಕೊಳ್ಳುವಾಗ ಚೀಟಿಯ ಮೇಲೆ ಬೇರು ಎಂದಿದೆಯೇ ಎಂದು ಓದಬೇಕು. ಗ್ರಂಥಗಳು ಹೊಟ್ಟೆಗೆ ಹೇಳಿದ್ದು ಬೇರನ್ನು. ಎಲೆ ಬೆರೆಸಿದ ಉತ್ಪನ್ನಗಳು ಬರತೊಡಗಿದಾಗ 2021ರಲ್ಲಿ ಆಯುಷ್ ಸಚಿವಾಲಯ ಎಲೆ ಬಳಸದಂತೆ ತಯಾರಕರಿಗೆ ಸೂಚಿಸಿತು.