ಪೂರ್ವಕ್ಕೆ ಹೋದರೆ ಬೇಗ, ಪಶ್ಚಿಮಕ್ಕೆ ಹೋದರೆ ತಡ: ಯಾರೂ ಓದದ ಒಂದು ವರದಿಯ ಕಥೆ

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಇದನ್ನ ಗಮನಿಸಿರ್ತೀರಿ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರೋದಕ್ಕಿಂತ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗೋಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯುತ್ತೆ. ದೂರ ಅದೇ, ವಿಮಾನ ಅದೇ, ಇಂಜಿನ್ ಅದೇ. ಹಾಗಾದ್ರೆ ಆ ಒಂದು ಗಂಟೆ ಎಲ್ಲಿ ಹೋಯ್ತು?

ಈ ಪ್ರಶ್ನೆಗೆ ಹೆಚ್ಚಿನವರು ಕೊಡೋ ಉತ್ತರ, "ಭೂಮಿ ತಿರುಗುತ್ತಲ್ಲ, ಅದಕ್ಕೆ" ಅಂತ. ಸ್ವಲ್ಪ ಯೋಚಿಸಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ಕೆಳಗಿನ ನೆಲ ಜಾರಿಹೋಗೋದೇ ಕಾರಣ ಆಗಿದ್ರೆ, ಪಶ್ಚಿಮಕ್ಕೆ ಹೋಗೋ ವಿಮಾನಕ್ಕೆ ಊರು ತಾನಾಗೇ ಎದುರಿಗೆ ಬರಬೇಕಿತ್ತು, ಅದೇ ಬೇಗ ಮುಟ್ಟಬೇಕಿತ್ತು. ಆಗೋದು ಉಲ್ಟಾ. ನೆಲದ ಜೊತೆ ಗಾಳಿಯೂ ತಿರುಗುತ್ತೆ, ಗಾಳಿಯೊಳಗಿರೋ ವಿಮಾನವೂ ತಿರುಗುತ್ತೆ. ಓಡೋ ರೈಲಿನ ಬೋಗಿಯೊಳಗೆ ನೀವು ಮುಂದಕ್ಕೆ ನಡೆದರೂ ಹಿಂದಕ್ಕೆ ನಡೆದರೂ ಶ್ರಮ ಒಂದೇ ಅಲ್ವಾ, ಹಾಗೆ.

ನಿಜವಾದ ಕಾರಣ ಗಾಳಿ. ನೆಲದಿಂದ 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಹೊಳೆಯ ಥರ ಗಾಳಿ ಹರಿಯುತ್ತೆ. ಅದೇ ಜೆಟ್ ಸ್ಟ್ರೀಮ್. ಒಂದು ಲೆಕ್ಕ ಹಾಕೋಣ. ನ್ಯೂಯಾರ್ಕ್–ಲಂಡನ್ ಸುಮಾರು 5,550 ಕಿ.ಮೀ. ವಿಮಾನ ಗಾಳಿಯೊಳಗೆ ಗಂಟೆಗೆ 900 ಕಿ.ಮೀ. ಹೋಗುತ್ತೆ, ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 100 ಕಿ.ಮೀ. ಪಶ್ಚಿಮದ ಗಾಳಿ ಇದೆ ಅಂತಿಟ್ಕೊಳ್ಳಿ. ಪೂರ್ವಕ್ಕೆ ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 1,000. ಐದು ಗಂಟೆ 33 ನಿಮಿಷಕ್ಕೆ ಲಂಡನ್. ವಾಪಸ್ ಹೋಗುವಾಗ ವೇಗ 800. ಆರು ಗಂಟೆ 56 ನಿಮಿಷ. ನಿಮ್ಮ ಒಂದು ಗಂಟೆ 23 ನಿಮಿಷ ಹೋಗಿದ್ದು ಅಲ್ಲಿ.

ಇದರಲ್ಲಿ ಇನ್ನೊಂದು ಮಾತಿದೆ. ಹೋಗುವಾಗ ಗಳಿಸಿದ್ದು ಬರುವಾಗ ಕಳೆದದ್ದಕ್ಕೆ ಸರಿಹೋಗುತ್ತೆ ಅಂತ ಅನ್ಸುತ್ತೆ. ಹೋಗಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರೋಕೆ 12 ಗಂಟೆ 20 ನಿಮಿಷ. ಗಾಳಿ ಇದ್ದರೆ 12 ಗಂಟೆ 29 ನಿಮಿಷ. ಯಾಕಂದ್ರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತೆ, ಸಹಾಯ ಮಾಡೋ ಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತೆ. ಒಂದೇ ದಾರಿಯಲ್ಲಿ ಹೋಗಿ ಬಂದರೆ ಗಾಳಿ ಯಾವಾಗಲೂ ಸಾಲಗಾರನೇ. ಹಾಗಾಗಿ ವಿಮಾನಗಳು ಒಂದೇ ದಾರಿಯಲ್ಲಿ ಹೋಗಿ ಬರಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು, ಈ ಗಾಳಿ ಪೂರ್ವಕ್ಕೇ ಯಾಕೆ ಹರಿಯುತ್ತೆ? ಭೂಮಧ್ಯರೇಖೆಯ ಕಡೆ ಬಿಸಿ, ಧ್ರುವದ ಕಡೆ ತಣ್ಣಗೆ. ಬಿಸಿ ಗಾಳಿ ಉಬ್ಬಿಕೊಳ್ಳುತ್ತೆ. ಹಾಗಾಗಿ ಹತ್ತು ಕಿ.ಮೀ. ಮೇಲೆ ಹೋಗಿ ಅಳೆದರೆ, ಬಿಸಿ ಕಡೆಯಲ್ಲಿ ಒತ್ತಡ ಜಾಸ್ತಿ, ತಣ್ಣಗಿನ ಕಡೆಯಲ್ಲಿ ಕಡಿಮೆ. ನಮ್ಮ ಉತ್ತರ ಗೋಳಾರ್ಧದಲ್ಲಿ ಈ ಒತ್ತಡ ಗಾಳಿಯನ್ನ ಉತ್ತರಕ್ಕೆ ತಳ್ಳುತ್ತೆ. ಭೂಮಿ ತಿರುಗ್ತಿರೋದರಿಂದ ಅದು ಬಲಕ್ಕೆ ಬಾಗುತ್ತೆ, ಅಂದ್ರೆ ಪೂರ್ವಕ್ಕೆ. ದಕ್ಷಿಣ ಗೋಳಾರ್ಧದಲ್ಲಿ ಗಾಳಿ ದಕ್ಷಿಣಕ್ಕೆ ತಳ್ಳಿಸಿಕೊಂಡು ಎಡಕ್ಕೆ ಬಾಗುತ್ತೆ. ಅದೂ ಪೂರ್ವವೇ! ಅಲ್ಲಿಗೆ ಭೂಮಿಯ ತಿರುಗಾಟಕ್ಕೂ ಇದಕ್ಕೂ ಸಂಬಂಧ ಇದೆ, ಆದ್ರೆ ನೇರವಾಗಿ ಅಲ್ಲ, ಗಾಳಿಯ ಮೂಲಕ. ಚಳಿಗಾಲದಲ್ಲಿ ಬಿಸಿ–ತಣ್ಣನೆಯ ವ್ಯತ್ಯಾಸ ಹೆಚ್ಚು, ಆಗ ಈ ಹೊಳೆಯ ರಭಸವೂ ಹೆಚ್ಚು.

ಈಗ ಇತಿಹಾಸ. ಈ ಹೊಳೆ ಮನುಷ್ಯನಿಗೆ ಗೊತ್ತಾಗಿದ್ದು ಹೇಗೆ, ಗೊತ್ತಾದ ಮೇಲೂ ಗೊತ್ತಾಗದೆ ಉಳಿದಿದ್ದು ಹೇಗೆ ಅನ್ನೋದೇ ಇವತ್ತಿನ ನಿಜವಾದ ಕಥೆ.

1920ರ ದಶಕ, ಜಪಾನ್. ಟೋಕಿಯೋದ ಈಶಾನ್ಯಕ್ಕೆ ಟಾಟೆನೋ ಅನ್ನೋ ಊರಲ್ಲಿ ಹೊಸ ಹವಾಮಾನ ವೀಕ್ಷಣಾಲಯ. ಅದರ ಮುಖ್ಯಸ್ಥ ವಾಸಾಬುರೋ ಓಯಿಶಿ. ಅವರ ಕೆಲಸ ಕೇಳೋಕೆ ಸರಳ. ಸಣ್ಣ ಬಲೂನ್ ಮೇಲಕ್ಕೆ ಬಿಡೋದು, ಸರ್ವೆಯವರು ಬಳಸೋ ಥಿಯೋಡೊಲೈಟ್‌ನಲ್ಲಿ ಅದನ್ನ ಹಿಂಬಾಲಿಸೋದು, ಆಗಾಗ ಕೋನ ಬರೆದುಕೊಳ್ಳೋದು. ಬಲೂನ್ ಯಾವ ವೇಗದಲ್ಲಿ ಏರುತ್ತೆ ಅಂತ ಮೊದಲೇ ಗೊತ್ತಿರುತ್ತೆ. ಹಾಗಾಗಿ ಕೋನದಿಂದ ಅದು ಎಷ್ಟು ದೂರ ಜಾರಿತು, ಅಂದ್ರೆ ಯಾವ ಎತ್ತರದಲ್ಲಿ ಗಾಳಿ ಎಷ್ಟಿದೆ ಅಂತ ಲೆಕ್ಕ ಸಿಗುತ್ತೆ. ಮೋಡ ಬಂದರೆ ಬಲೂನ್ ಮಾಯ, ಅವತ್ತಿನ ಅಳತೆ ಅಲ್ಲಿಗೇ ಮುಗೀತು. ಆದ್ರೆ ಆ ಭಾಗದಲ್ಲಿ ಚಳಿಗಾಲದ ಆಕಾಶ ತಿಳಿಯಾಗಿರುತ್ತೆ.

1924ರ ಡಿಸೆಂಬರ್ 2ರಂದು, ಸುಮಾರು 9 ಕಿ.ಮೀ. ಎತ್ತರದಲ್ಲಿ ಬಂದ ಅಂಕಿ ಸೆಕೆಂಡಿಗೆ 72 ಮೀಟರ್. ಗಂಟೆಗೆ ಹೆಚ್ಚೂಕಡಿಮೆ 260 ಕಿ.ಮೀ. ಒಂದು ಭಾರಿ ಚಂಡಮಾರುತದ ವೇಗ, ಆದ್ರೆ ಕೆಳಗೆ ನೆಲದಲ್ಲಿ ಬಿಸಿಲು ಕಾಯ್ತಾ ನಿಲ್ಲಬಹುದಾದ ದಿನ. ಒಂದು ದಿನದ ಅಳತೆ ನಂಬಿ ಓಯಿಶಿ ಏನೂ ಹೇಳಲಿಲ್ಲ. ಎರಡು ವರ್ಷದ ಸಾವಿರಕ್ಕೂ ಹೆಚ್ಚು ಬಲೂನ್ ಅಳತೆಗಳನ್ನ ಒಟ್ಟು ಹಾಕಿದರು. 1926ರಲ್ಲಿ ವರದಿ ಪ್ರಕಟಿಸಿದರು. ಯಾವ ಭಾಷೆಯಲ್ಲಿ ಗೊತ್ತಾ? ಎಸ್ಪೆರಾಂಟೋದಲ್ಲಿ.

ಎಸ್ಪೆರಾಂಟೋ ಅಂದ್ರೆ ಯಾವ ದೇಶಕ್ಕೂ ಸೇರದ, ಎಲ್ಲರಿಗೂ ಒಂದೇ ಅಂತ ಕಟ್ಟಿದ ಭಾಷೆ. ಓಯಿಶಿಗೆ ಅದರ ಮೇಲೆ ತುಂಬಾ ನಂಬಿಕೆ. ಜಪಾನೀಯಲ್ಲಿ ಬರೆದರೆ ಹೊರಗಿನವರು ಓದಲ್ಲ, ಎಲ್ಲರ ಭಾಷೆಯಲ್ಲಿ ಬರೆದರೆ ಜಗತ್ತೇ ಓದುತ್ತೆ ಅನ್ನೋ ಲೆಕ್ಕ. ಆದ್ರೆ ಎಲ್ಲರ ಭಾಷೆ ಅನ್ನೋದು ಯಾರ ಮನೆಯ ಭಾಷೆಯೂ ಆಗಿರಲಿಲ್ಲ. ಜಪಾನಿನ ಹೊರಗೆ ಆ ವರದಿಯನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ. ಮನೆಯಲ್ಲಿ ಒಂದು ಭಾಷೆ, ಆಫೀಸಲ್ಲಿ ಇನ್ನೊಂದು, ರಸ್ತೆಯಲ್ಲಿ ಮತ್ತೊಂದು ಅಂತ ಬದುಕೋ ನಮಗೆ ಓಯಿಶಿಯ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಓದದೇ ಇದ್ದದ್ದರ ಬೆಲೆ ಮುಂದೆ ಕಾಣ್ತು. 1944ರ ನವೆಂಬರ್ 24. ಅಮೆರಿಕದ ಬಿ-29 ಬಾಂಬರ್‌ಗಳು ಸೈಪಾನ್ ದ್ವೀಪದಿಂದ ಹೊರಟು, ಟೋಕಿಯೋ ಪಕ್ಕದ ಮುಸಾಶಿನೋ ವಿಮಾನ ಕಾರ್ಖಾನೆಯ ಮೇಲೆ ದಾಳಿಗೆ ಬಂದವು. ಹೊರಟಿದ್ದು 111. ಸುಮಾರು 9 ಕಿ.ಮೀ. ಎತ್ತರದಲ್ಲಿ ಗಾಳಿ ಹಿಂದಿನಿಂದ ನೂಕಿದ ರಭಸಕ್ಕೆ ನೆಲದ ಲೆಕ್ಕದಲ್ಲಿ ವಿಮಾನದ ವೇಗ ಗಂಟೆಗೆ 700 ಕಿ.ಮೀ. ದಾಟಿತು. ಗುರಿ ನೋಡುವಷ್ಟರಲ್ಲಿ ಗುರಿ ಹಿಂದೆ ಹೋಗಿತ್ತು. ಮೋಡ ಬೇರೆ. ಆ ಕಾರ್ಖಾನೆಯ ಮೇಲೆ ಬಾಂಬು ಹಾಕೋಕೆ ಆಗಿದ್ದು 24 ವಿಮಾನಗಳಿಗೆ ಮಾತ್ರ. ಓಯಿಶಿ ಹದಿನೆಂಟು ವರ್ಷ ಹಿಂದೆ ಬರೆದಿಟ್ಟಿದ್ದ ಗಾಳಿಯನ್ನ ಅಮೆರಿಕನ್ನರು ಅದೇ ಟೋಕಿಯೋ ಆಕಾಶದಲ್ಲಿ ಹೊಸದಾಗಿ ಕಂಡುಹಿಡಿದರು.

ಅದೇ ತಿಂಗಳು ಜಪಾನಿನ ಸೇನೆ ಅದೇ ಗಾಳಿಗೆ ಬಾಂಬು ಕಟ್ಟಿದ ಬಲೂನ್‌ಗಳನ್ನ ಬಿಡೋಕೆ ಶುರು ಮಾಡಿತ್ತು. ಒಟ್ಟು ಒಂಬತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಕೆಲವು ಶಾಂತಸಾಗರ ದಾಟಿ ಅಮೆರಿಕ ಮುಟ್ಟಿದವು. 1945ರ ಮೇ 5ರಂದು ಆರೆಗಾನ್‌ನ ಕಾಡಿನಲ್ಲಿ ಪಿಕ್‌ನಿಕ್‌ಗೆ ಹೋಗಿದ್ದ ಒಬ್ಬ ಗರ್ಭಿಣಿ ಮತ್ತು ಐದು ಮಕ್ಕಳು ಅಂಥ ಒಂದು ಬಾಂಬಿಗೆ ಬಲಿಯಾದರು.

ಯುದ್ಧ ಮುಗಿದ ಮೇಲೂ ನಾಗರಿಕ ವಿಮಾನದವರಿಗೆ ಈ ಗಾಳಿ ಗೊತ್ತಿರಲಿಲ್ಲ. 1947ರ ಆಗಸ್ಟ್ 2. 'ಸ್ಟಾರ್ ಡಸ್ಟ್' ಅನ್ನೋ ಬ್ರಿಟಿಷ್ ವಿಮಾನ ಹನ್ನೊಂದು ಜನರೊಂದಿಗೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದ ಚಿಲಿಯ ಸ್ಯಾಂಟಿಯಾಗೋಗೆ, ಅಂದ್ರೆ ಪಶ್ಚಿಮಕ್ಕೆ ಹೊರಟಿತು. ನಡುವೆ ಆಂಡಿಸ್ ಪರ್ವತ. ಹವೆ ಕೆಟ್ಟಿತ್ತು, ಮೋಡದ ಮೇಲೆ ಹೋಗೋಣ ಅಂತ ಸುಮಾರು 24,000 ಅಡಿಗೆ ಏರಿದರು. ಅಲ್ಲಿಂದ ನೆಲ ಕಾಣಲ್ಲ. ಇಷ್ಟು ವೇಗ, ಇಷ್ಟು ಹೊತ್ತು, ಹಾಗಾದ್ರೆ ಇಷ್ಟು ದೂರ ಅನ್ನೋ ಲೆಕ್ಕವೇ ಗತಿ. ಆ ಲೆಕ್ಕದಲ್ಲಿ ಎದುರುಗಾಳಿ ಗಂಟೆಗೆ 100 ಕಿ.ಮೀ. ತಪ್ಪಿದರೆ ಒಂದು ಗಂಟೆಯಲ್ಲಿ ನೀವು ಅಂದುಕೊಂಡ ಜಾಗಕ್ಕಿಂತ 100 ಕಿ.ಮೀ. ಹಿಂದೆ ಇರ್ತೀರಿ. ಸಂಜೆ 5:41ಕ್ಕೆ "ಇನ್ನು ನಾಲ್ಕು ನಿಮಿಷಕ್ಕೆ ಇಳಿಯುತ್ತೇವೆ" ಅನ್ನೋ ಅರ್ಥದ ಸಂದೇಶ ಸ್ಯಾಂಟಿಯಾಗೋಗೆ ಬಂತು. ವಿಮಾನ ಬರಲಿಲ್ಲ.

ಅರ್ಧ ಶತಮಾನದ ನಂತರ, 1998ರಲ್ಲಿ, ಟುಪುಂಗಾಟೋ ಪರ್ವತದ ಹಿಮನದಿಯಲ್ಲಿ ಇಂಜಿನ್‌ನ ತುಂಡು ಪರ್ವತಾರೋಹಿಗಳಿಗೆ ಸಿಕ್ಕಿತು. ಆ ಜಾಗ ಸ್ಯಾಂಟಿಯಾಗೋಗಿಂತ ಸುಮಾರು 80 ಕಿ.ಮೀ. ಪೂರ್ವಕ್ಕೆ. ಪರ್ವತ ದಾಟಿಯಾಯ್ತು ಅಂತ ಮೋಡದೊಳಗೆ ಕೆಳಗಿಳಿದಾಗ ಅವರು ಇನ್ನೂ ಪರ್ವತದ ಮೇಲೇ ಇದ್ದರು. ಕಾಣದ ಜೆಟ್ ಸ್ಟ್ರೀಮ್ ಅವರನ್ನ ಹಿಂದಕ್ಕೆ ಹಿಡಿದಿಟ್ಟಿತ್ತು ಅನ್ನೋದು ಎಲ್ಲಕ್ಕಿಂತ ಹೊಂದುವ ವಿವರಣೆ. ಅದೇ 1947ರಲ್ಲಿ ಶಿಕಾಗೋದಲ್ಲಿ ಕಾರ್ಲ್ ರಾಸ್ಬಿ ಮತ್ತು ಸಂಗಡಿಗರು ಈ ಗಾಳಿಯ ಸಿದ್ಧಾಂತವನ್ನ ಪ್ರಕಟಿಸಿದರು.

ಕೊನೆಗೆ ಗಾಳಿಯನ್ನ ಕೆಲಸಕ್ಕೆ ಹಚ್ಚಿದ್ದು 1952ರ ನವೆಂಬರ್‌ನಲ್ಲಿ. ಪ್ಯಾನ್ ಆ್ಯಮ್ ವಿಮಾನ ಟೋಕಿಯೋದಿಂದ ಹೊನೊಲುಲುಗೆ ಸುಮಾರು 7,600 ಮೀಟರ್ ಎತ್ತರದಲ್ಲಿ ಈ ಹೊಳೆಯೊಳಗೆ ಹಾರಿತು. ಹದಿನೆಂಟು ಗಂಟೆಯ ಪ್ರಯಾಣ ಹನ್ನೊಂದೂವರೆ ಗಂಟೆಗೆ ಮುಗೀತು.

ಇವತ್ತು ಅಟ್ಲಾಂಟಿಕ್ ಮೇಲೆ ಪ್ರತಿದಿನ ಹೊಸದಾಗಿ ದಾರಿ ಗುರುತಿಸ್ತಾರೆ. ರಾತ್ರಿ ಯುರೋಪಿಗೆ ಬರೋ ವಿಮಾನಗಳ ದಾರಿ ಜೆಟ್ ಸ್ಟ್ರೀಮ್ ಒಳಗೆ. ಹಗಲು ಅಮೆರಿಕಕ್ಕೆ ಹೋಗುವವುಗಳ ದಾರಿ ಅದನ್ನ ಬಳಸಿಕೊಂಡು, ಆ ಕಡೆಗೋ ಈ ಕಡೆಗೋ. ನಕ್ಷೆಯಲ್ಲಿ ಸುತ್ತು ಕಂಡರೂ ಹೊತ್ತು, ಇಂಧನ ಎರಡೂ ಉಳಿಯುತ್ತೆ.

ನಮ್ಮವರಿಗೆ ಹತ್ತಿರದ ಉದಾಹರಣೆ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ. ಮೊದಲು ಅಟ್ಲಾಂಟಿಕ್ ಮೇಲೆ ಹೋಗ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಾರಿ ತಿರುಗಿಸಿ ಶಾಂತಸಾಗರದ ಮೇಲೆ ಪೂರ್ವಕ್ಕೆ ಕಳಿಸಿದರು. ದೂರ 15,300 ಕಿ.ಮೀ. ಆಯ್ತು, 1,400 ಕಿ.ಮೀ. ಹೆಚ್ಚು. ಆದರೂ ಹದಿನಾಲ್ಕೂವರೆ ಗಂಟೆಗೆ, ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ ಮುಟ್ಟಿತು. ಭಾಗಿಸಿ ನೋಡಿ: ಗಂಟೆಗೆ ಸರಾಸರಿ 1,055 ಕಿ.ಮೀ. ಹಳೇ ದಾರಿಯಲ್ಲಿ ಅದು 840ರ ಆಸುಪಾಸು. ಇಂಜಿನ್ ಬದಲಾಗಿರಲಿಲ್ಲ, ಗಾಳಿಯ ಪಕ್ಷ ಬದಲಾಗಿತ್ತು.

ಒಂದು ಎಚ್ಚರಿಕೆ. "ಮೇಲಿನ ಗಾಳಿ ಯಾವಾಗಲೂ ಪೂರ್ವಕ್ಕೆ" ಅಂತ ಬಾಯಿಪಾಠ ಮಾಡ್ಕೋಬೇಡಿ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಇದು ಉಲ್ಟಾ ಆಗುತ್ತೆ. ಆಗ ಟಿಬೆಟ್ ಮತ್ತು ಉತ್ತರ ಭಾರತದ ಮೇಲಿನ ಗಾಳಿ ಭೂಮಧ್ಯರೇಖೆಯ ಕಡೆಗಿಂತ ಬಿಸಿ, ಹಾಗಾಗಿ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಜೆಟ್ ಹರಿಯುತ್ತೆ. ಅದನ್ನ 1950ರ ದಶಕದಲ್ಲಿ ಗುರುತಿಸಿ ವಿವರಿಸಿದ್ದು ನಮ್ಮ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಇನ್ನು ದೆಹಲಿ–ಬೆಂಗಳೂರು ಉತ್ತರ–ದಕ್ಷಿಣದ ದಾರಿ. ಗಾಳಿ ಪಕ್ಕದಿಂದ ಬೀಸೋದರಿಂದ ಹೋಗೋದಕ್ಕೂ ಬರೋದಕ್ಕೂ ದೊಡ್ಡ ವ್ಯತ್ಯಾಸ ಕಾಣಲ್ಲ.

ಮುಂದಿನ ಸಲ ವಿಮಾನದಲ್ಲಿ ಕೂತಾಗ ಮುಂದಿನ ಸೀಟಿನ ಪರದೆಯಲ್ಲಿ ವೇಗ ನೋಡಿ. ಅದು ನೆಲದ ಲೆಕ್ಕದ ವೇಗ. 900ಕ್ಕಿಂತ ತುಂಬಾ ಮೇಲಿದ್ದರೆ ನೀವು ಹೊಳೆಯ ಜೊತೆ, ತುಂಬಾ ಕೆಳಗಿದ್ದರೆ ಹೊಳೆಗೆ ಎದುರು. ಮಧ್ಯೆ ಎಷ್ಟು ಅಂತರ ಇದೆಯೋ ಹೆಚ್ಚೂಕಡಿಮೆ ಅಷ್ಟೇ ಗಾಳಿ. ಓಯಿಶಿ ಬಲೂನ್ ಬಿಟ್ಟು, ಕಣ್ಣು ನೆಟ್ಟು ಅಳೆದಿದ್ದೂ ಅದನ್ನೇ.